ಆಫರ್‌ಗೆ ಮುಂಚಿನ ಸ್ಲೈಡ್

ಇನ್‌ಸ್ಟಾಗ್ರಾಮ್‌ಗೆ ಕ್ಯಾರೊಸೆಲ್, ಅಂದರೆ ಪಕ್ಕಕ್ಕೆ ಸರಿಸಿ ನೋಡುವ ಸ್ಲೈಡ್‌ಗಳ ಪೋಸ್ಟ್, ಡಿಸೈನ್ ಮಾಡಿಕೊಡಿ ಎಂದು ಬರುವವರ ಕೈಯಲ್ಲಿ ಹೆಚ್ಚಾಗಿ ಒಂದೇ ಥರದ ಡ್ರಾಫ್ಟ್ ಇರುತ್ತದೆ. ಮೊದಲ ಒಂಬತ್ತು ಸ್ಲೈಡ್ ಪೂರ್ತಿ ಒಳ್ಳೊಳ್ಳೆ ಟಿಪ್ಸ್. ಹತ್ತನೆಯದರಲ್ಲಿ ಇದ್ದಕ್ಕಿದ್ದಂತೆ ‘ನಮ್ಮ ಕ್ಲಾಸ್‌ಗೆ ಸೇರಿ’. ಟಿಪ್ಸ್ ಓದಿದವರು ಸೇವ್ ಮಾಡಿಕೊಂಡು ಹೋಗುತ್ತಾರೆ, ಕ್ಲಾಸ್ ಬಗ್ಗೆ ಯಾರೂ ಕೇಳುವುದಿಲ್ಲ. ಆಗ ಎಲ್ಲರೂ ಕೊನೆಯ ಸ್ಲೈಡ್‌ನ ಬಣ್ಣ ಬದಲಿಸುತ್ತಾರೆ, ಅಕ್ಷರ ದಪ್ಪ ಮಾಡುತ್ತಾರೆ. ನಿಜವಾಗಿ ಸರಿಮಾಡಬೇಕಾದದ್ದು ಅದರ ಹಿಂದಿನ ಸ್ಲೈಡ್.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರು ಫೋಟೋಗ್ರಾಫರ್, ಮನೆಯಿಂದಲೇ ವಸ್ತುಗಳನ್ನು ಮಾರುವವರಿಗೆ ಫೋನ್‌ನಲ್ಲಿ ಪ್ರಾಡಕ್ಟ್ ಫೋಟೋ ತೆಗೆಯುವುದನ್ನು ಆನ್‌ಲೈನ್ ಕ್ಲಾಸ್‌ನಲ್ಲಿ ಕಲಿಸುತ್ತಾರೆ. ಅವರ ಮೊದಲ ಡ್ರಾಫ್ಟ್ ‘ಒಳ್ಳೆಯ ಫೋಟೋಗೆ 9 ಟಿಪ್ಸ್’. ಬೆಳಕು, ಹಿನ್ನೆಲೆ, ಕೋನ, ಎಡಿಟಿಂಗ್, ಎಲ್ಲವೂ ಒಂದೊಂದು ಸಾಲು. ಒಂದು ಸಾಲಿನಲ್ಲಿ ಯಾರಿಗೂ ಏನೂ ಮಾಡಲು ಬರುವುದಿಲ್ಲ. ಹಾಗಾಗಿ ಕಲಿಸಿದಂತೆಯೂ ಆಗಲಿಲ್ಲ, ಕ್ಲಾಸ್ ಯಾಕೆ ಬೇಕು ಅನ್ನುವುದೂ ಗೊತ್ತಾಗಲಿಲ್ಲ.

ನಾನು ಇಂಥದ್ದನ್ನು ಹಿಂದಿನಿಂದ ಕಟ್ಟುತ್ತೇನೆ. ಮೊದಲು ಕೇಳುವ ಪ್ರಶ್ನೆ: ನಿಮ್ಮ ಕ್ಲಾಸ್‌ನಲ್ಲಿ ಮಾತ್ರ ಸಿಗುವುದು, ಹತ್ತು ಸಾಲಿನಲ್ಲಿ ಹೇಳಲು ಆಗದ್ದು ಯಾವುದು? ಇಲ್ಲಿ ಉತ್ತರ ಸ್ಪಷ್ಟ ಇದೆ. ಗಾಜು, ಸ್ಟೀಲ್ ಥರದ ಹೊಳೆಯುವ ವಸ್ತುಗಳ ಫೋಟೋ. ಅದನ್ನು ಬರೆದು ಕಲಿಸುವುದು ಕಷ್ಟ, ಮಾಡಿಸಿಯೇ ತೋರಿಸಬೇಕು. ಹಾಗಾದರೆ ಕ್ಯಾರೊಸೆಲ್‌ನಲ್ಲಿ ಉಚಿತವಾಗಿ ಕಲಿಸಬೇಕಾದದ್ದು ಅದರ ಹಿಂದಿನ ಮೆಟ್ಟಿಲು: ಹೊಳಪಿಲ್ಲದ ವಸ್ತುವನ್ನು ಕಿಟಕಿ ಬೆಳಕಿನಲ್ಲಿ ಚೆನ್ನಾಗಿ ತೆಗೆಯುವುದು. ಬಟ್ಟೆ, ಮರ, ಮಣ್ಣಿನ ಸಾಮಾನು ಮಾರುವವರಿಗೆ ಇಷ್ಟೇ ಸಾಕು, ಅವರು ಕ್ಲಾಸ್‌ಗೆ ಬರದಿದ್ದರೂ ಅವರ ಕೆಲಸ ಆಗಿರುತ್ತದೆ. ಅದು ನಷ್ಟ ಅಲ್ಲ. ಅವರಿಗೆ ಈ ಕ್ಲಾಸ್ ಬೇಕಾಗಿಯೇ ಇರಲಿಲ್ಲ, ಅಲ್ವಾ?

ಇದನ್ನು ಎಂಟು ಸ್ಲೈಡ್‌ನಲ್ಲಿ ಹೀಗೆ ಹಾಕಬಹುದು. ಇನ್‌ಸ್ಟಾಗ್ರಾಮ್ ಈಗ 20ರವರೆಗೆ ಬಿಡುತ್ತದೆ, ಆದರೆ ಬಿಡುತ್ತದೆ ಅಂತ ಸುಮ್ನೆ ತುಂಬಿಸಬೇಕಿಲ್ಲ.

ಮೊದಲನೆಯದರಲ್ಲಿ ಒಂದೇ ಮಣ್ಣಿನ ಹೂಜಿಯ ಎರಡು ಫೋಟೋ ಪಕ್ಕಪಕ್ಕ. ಒಂದರಲ್ಲಿ ಹೂಜಿಯ ಅರ್ಧ ಭಾಗ ಕಪ್ಪಾಗಿದೆ, ಇನ್ನೊಂದರಲ್ಲಿ ಪೂರ್ತಿ ಕಾಣುತ್ತಿದೆ. ಮೇಲೆ ಬರಹ: ‘ಅದೇ ಫೋನ್, ಅದೇ ಕಿಟಕಿ. ಸೇರಿಸಿದ್ದು ಒಂದು ಬಿಳಿ ಹಾಳೆ.’ ಎರಡನೆಯದರಲ್ಲಿ ಸಮಸ್ಯೆ: ಕಿಟಕಿಯ ಬೆಳಕು ಒಂದೇ ಕಡೆಯಿಂದ ಬರುತ್ತದೆ, ಹಾಗಾಗಿ ಇನ್ನೊಂದು ಪಕ್ಕ ಕತ್ತಲಾಗುತ್ತದೆ. ಈ ಸ್ಲೈಡ್ ಒಂಟಿಯಾಗಿ ಓದಿದರೂ ಅರ್ಥ ಆಗಬೇಕು. ಯಾಕೆಂದರೆ ಮೊದಲ ಸ್ಲೈಡ್ ನೋಡಿ ಸ್ವೈಪ್ ಮಾಡದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವು ಸಲ ಅದೇ ಪೋಸ್ಟನ್ನು ಎರಡನೇ ಸ್ಲೈಡ್‌ನಿಂದ ಮತ್ತೆ ತೋರಿಸುತ್ತದೆ. ಅಲ್ಲಿ ‘ಹಾಗಾದರೆ ಏನು ಮಾಡಬೇಕು?’ ಅಂತ ಮಾತ್ರ ಬರೆದಿದ್ದರೆ ಅವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಮೂರು, ನಾಲ್ಕು, ಐದು ಕಲಿಸುವ ಸ್ಲೈಡ್‌ಗಳು, ಒಂದಕ್ಕೆ ಒಂದೇ ಕೆಲಸ. ಕೋಣೆಯ ಬಲ್ಬ್ ಆರಿಸಿ, ವಸ್ತುವನ್ನು ಕಿಟಕಿ ಪಕ್ಕಕ್ಕೆ ತನ್ನಿ. ಬಲ್ಬ್ ಉರಿಯುತ್ತಿದ್ದರೆ ಎರಡು ಬಣ್ಣದ ಬೆಳಕು ಬೆರೆತು ಬಿಳಿಯ ಜಾಗ ಹಳದಿಯಾಗುತ್ತದೆ. ಕಿಟಕಿಯ ಎದುರು ಪಕ್ಕದಲ್ಲಿ ಬಿಳಿ ಹಾಳೆ ನಿಲ್ಲಿಸಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಆಮೇಲೆ ಪರದೆಯ ಮೇಲೆ ವಸ್ತುವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಪ್ರತಿಯೊಂದರಲ್ಲೂ ಅದೇ ಹೂಜಿ, ಅದೇ ಕೋನದಿಂದ. ಹೂಜಿ ಬದಲಾದರೆ ಯಾವುದರಿಂದ ವ್ಯತ್ಯಾಸ ಆಯಿತು ಅನ್ನುವುದು ಓದುಗರಿಗೆ ಕಾಣುವುದಿಲ್ಲ. ಆರನೆಯದು ಮೂರೂ ಹೆಜ್ಜೆಗಳ ಒಂದು ಚಿಕ್ಕ ಚಿತ್ರ: ಕಿಟಕಿ, ವಸ್ತು, ಹಾಳೆ, ಫೋನ್ ಎಲ್ಲೆಲ್ಲಿ ಅಂತ ಮೇಲಿನಿಂದ ನೋಡಿದ ಹಾಗೆ. ಜನ ಸೇವ್ ಮಾಡುವುದು ಇದಕ್ಕಾಗಿ.

ಈಗ ಏಳನೆಯದು. ಇದಕ್ಕೆ ನಾನು ಉಳಿದೆಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಇಲ್ಲಿ ಕಲಿಸಿದ ವಿಧಾನ ಎಲ್ಲಿ ಕೈಕೊಡುತ್ತದೆ ಅಂತ ತೋರಿಸಬೇಕು. ಒಂದು ಸ್ಟೀಲ್ ಲೋಟವನ್ನು ಅದೇ ಕಿಟಕಿ, ಅದೇ ಹಾಳೆ ಇಟ್ಟು ತೆಗೆದ ಫೋಟೋ ಹಾಕಿ. ಲೋಟದಲ್ಲಿ ಹಾಳೆಯೇ ಬಿಳಿ ಪಟ್ಟಿಯಾಗಿ ಕಾಣುತ್ತಿದೆ, ಫೋನ್ ಹಿಡಿದ ಕೈ ಕೂಡ ಕಾಣುತ್ತಿದೆ. ಬರಹ: ‘ಹೊಳೆಯುವ ವಸ್ತುವಿಗೆ ಈ ವಿಧಾನ ಸಾಲುವುದಿಲ್ಲ. ಅದರಲ್ಲಿ ಸುತ್ತಲಿರುವುದೆಲ್ಲ ಕಾಣುತ್ತದೆ.’ ಅಷ್ಟೇ. ಕ್ಲಾಸ್‌ನ ಹೆಸರೇ ಇಲ್ಲಿ ಬೇಡ. ಸ್ಟೀಲ್ ಪಾತ್ರೆ ಮಾರುವವರು ಆ ಲೋಟ ನೋಡಿದ ಕೂಡಲೇ ‘ಅಯ್ಯೋ, ನನ್ನದೂ ಹೀಗೇ ಬರುತ್ತೆ’ ಅಂದುಕೊಳ್ಳುತ್ತಾರೆ. ಮುಂದಿನ ಸ್ಲೈಡ್ ಅವರಿಗೆ ಜಾಹೀರಾತು ಅನ್ನಿಸುವುದಿಲ್ಲ, ಉತ್ತರ ಅನ್ನಿಸುತ್ತದೆ.

ಒಂದು ಎಚ್ಚರ: ಮಿತಿ ನಿಜವಾದದ್ದೇ ಆಗಿರಬೇಕು. ಕೆಲವರು ಕೊನೆಯ ಹೆಜ್ಜೆಯನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ ‘ಉಳಿದದ್ದು ಕ್ಲಾಸ್‌ನಲ್ಲಿ’ ಅನ್ನುತ್ತಾರೆ. ಮನೆಯಲ್ಲಿ ಮಾಡಿ ನೋಡಿದವರಿಗೆ ಅದು ಕೂಡಲೇ ಗೊತ್ತಾಗುತ್ತದೆ, ಮತ್ತೆ ನಿಮ್ಮ ಮಾತು ನಂಬುವುದಿಲ್ಲ.

ಎಂಟನೆಯದರಲ್ಲಿ ನಾಲ್ಕು ವಿಷಯ ಸಾಕು: ಏನು, ಯಾರಿಗೆ, ಮುಗಿದ ಮೇಲೆ ಏನು ಮಾಡಲು ಬರುತ್ತದೆ, ಈಗ ಏನು ಮಾಡಬೇಕು. ‘ಗಾಜು, ಸ್ಟೀಲ್ ಮಾರುವವರಿಗೆ ಎರಡು ದಿನದ ಆನ್‌ಲೈನ್ ಕ್ಲಾಸ್. ನಿಮ್ಮದೇ ವಸ್ತುವಿನ ಫೋಟೋ ತೆಗೆದು ಮುಗಿಸುತ್ತೀರಿ. ಹೊಳಪು ಅಂತ ಮೆಸೇಜ್ ಮಾಡಿ, ವಿವರ ಕಳಿಸುತ್ತೇನೆ.’ ಮಾಡಬೇಕಾದ ಕೆಲಸ ಒಂದೇ ಇರಲಿ. ಫಾಲೋ ಮಾಡಿ, ಶೇರ್ ಮಾಡಿ, ಬಯೋದಲ್ಲಿ ಲಿಂಕ್ ನೋಡಿ ಅಂತ ಮೂರು ಹೇಳಿದರೆ ಮೂರೂ ಆಗುವುದಿಲ್ಲ. ಸ್ಲೈಡ್ ಮೇಲೆ ವೆಬ್ ವಿಳಾಸ ಬರೆಯುವುದೂ ವ್ಯರ್ಥ, ಚಿತ್ರದಲ್ಲಿರುವ ಅಕ್ಷರ ಒತ್ತಿದರೆ ಏನೂ ತೆರೆಯುವುದಿಲ್ಲ.

ಅಳತೆ ಬಗ್ಗೆ ಚುಟುಕಾಗಿ. 1080 x 1350 ಪಿಕ್ಸೆಲ್‌ನಲ್ಲಿ ಎಲ್ಲ ಸ್ಲೈಡ್ ಮಾಡಿ. ಈಗ ಪ್ರೊಫೈಲ್ ಗ್ರಿಡ್ 3:4 ಆಕಾರದಲ್ಲಿರುವುದರಿಂದ ಮೊದಲ ಸ್ಲೈಡ್‌ನ ಎಡಬಲ ಸುಮಾರು 34 ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ; ನಾನು ಎರಡೂ ಬದಿಗೆ 100 ಬಿಡುತ್ತೇನೆ. ಕಂಪ್ಯೂಟರ್‌ನಲ್ಲಿ ದೊಡ್ಡದಾಗಿ ಕಾಣುವ ಅಕ್ಷರ ಫೋನ್‌ನಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ 40 ಪಿಕ್ಸೆಲ್‌ಗಿಂತ ಚಿಕ್ಕದು ಬಳಸಬೇಡಿ, ಕನ್ನಡದಲ್ಲಂತೂ ಒತ್ತಕ್ಷರ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ತಾಗುತ್ತದೆ, ಸಾಲುಗಳ ನಡುವೆ ಇನ್ನಷ್ಟು ಜಾಗ ಕೊಡಿ.

ಪೋಸ್ಟ್ ಹಾಕಿದ ಮೇಲೆ ಇನ್‌ಸೈಟ್ಸ್ ಜೊತೆಗೆ ಬಂದ ಮೆಸೇಜ್‌ಗಳನ್ನೂ ಓದಿ. ಸೇವ್ ಜಾಸ್ತಿ, ಮೆಸೇಜ್ ಇಲ್ಲ ಅಂದರೆ ಏಳನೆಯದರಲ್ಲಿ ತೋರಿಸಿದ ತೊಂದರೆ ಓದುಗರದ್ದಲ್ಲ. ‘ಇದು ಆನ್‌ಲೈನಾ? ಯಾರು ಸೇರಬಹುದು?’ ಅಂತ ಮತ್ತೆಮತ್ತೆ ಕೇಳಿದರೆ ಎಂಟನೆಯದರಲ್ಲಿ ಆ ಸಾಲು ಕಣ್ಣಿಗೆ ಬೀಳುತ್ತಿಲ್ಲ. ‘ಲೋಟಕ್ಕೆ ಏನು ಮಾಡಬೇಕು ಹೇಳಿ’ ಅಂತ ಕಾಮೆಂಟ್ ಬಂದರೆ ಏಳನೆಯದು ಕೆಲಸ ಮಾಡಿದೆ, ಅವರು ಎಂಟನೆಯದನ್ನು ತಲುಪಿಲ್ಲ ಅಷ್ಟೆ. ಅವರಿಗೆ ಉತ್ತರ ಬರೆಯಿರಿ, ಮುಂದಿನ ಸಲ ಏಳರ ಬಲ ಅಂಚಿನಲ್ಲಿ ಎಂಟನೆಯದರ ಚಿತ್ರ ಸ್ವಲ್ಪ ಇಣುಕುವ ಹಾಗೆ ಮಾಡಿ.