ಪೌಚ್ ಎತ್ತಿಡಲು ನಾಲ್ಕು ಆಕ್ಸಿಸ್ ಸಾಕಾ, ಆರು ಬೇಕಾ?

ಓದುಗರ ಪ್ರಶ್ನೆ: ಸರ್, ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದು ಕೊಬ್ಬರಿ ತುರಿ ಪ್ಯಾಕ್ ಮಾಡುವ ಚಿಕ್ಕ ಯೂನಿಟ್. ಅರ್ಧ ಕೆಜಿ ಪೌಚ್‌ಗಳು ಕನ್ವೇಯರ್ ಮೇಲೆ ಮಲಗಿಕೊಂಡು ಬರುತ್ತವೆ, ನಿಮಿಷಕ್ಕೆ 25. ಅವನ್ನು ಎತ್ತಿ ಕಾರ್ಟನ್‌ಗೆ ತುಂಬಲು ರೋಬೋ ಹಾಕಬೇಕು ಅಂತಿದ್ದೇವೆ. ಒಬ್ಬರು 4 ಆಕ್ಸಿಸ್ ಸ್ಕಾರಾ ಕೊಡ್ತೀನಿ ಅಂತಾರೆ, ರೀಚ್ 600 ಮಿ.ಮೀ. ಇನ್ನೊಬ್ಬರು 6 ಆಕ್ಸಿಸ್ ತಗೊಳ್ಳಿ, ರೀಚ್ 900, ಆಕ್ಸಿಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಾರೆ. ಯಾವುದು ತಗೊಳ್ಳಲಿ?

ಉತ್ತರ: ರೋಬೋಗೆ ಎಷ್ಟು ಆಕ್ಸಿಸ್, ಅಂದರೆ ಕದಲುವ ಜಾಯಿಂಟ್, ಇದೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನಿಮ್ಮ ಪೌಚ್ ಎಷ್ಟು ಬಗೆಯಲ್ಲಿ ಕದಲಬೇಕು ಅಂತ ಮೊದಲು ಎಣಿಸೋಣ.

ಯಾವುದೇ ವಸ್ತು ಗಾಳಿಯಲ್ಲಿ ಆರು ಬಗೆಯಲ್ಲಿ ಕದಲಬಹುದು. ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ ಸರಿಯುವುದು ಮೂರು. ಬುಗುರಿಯ ಹಾಗೆ ನಿಂತಲ್ಲೇ ತಿರುಗುವುದು, ಮುಂದಕ್ಕೆ ಬಾಗುವುದು, ಪಕ್ಕಕ್ಕೆ ವಾಲುವುದು ಇನ್ನು ಮೂರು. ಡಿಗ್ರಿ ಆಫ್ ಫ್ರೀಡಂ ಅಂತ ಕರೆಯುವುದು ಇದನ್ನೇ. ನಿಮ್ಮ ಪೌಚ್ ಕನ್ವೇಯರ್ ಮೇಲೆ ಮಲಗಿ ಬರುತ್ತದೆ. ಕಾರ್ಟನ್‌ನಲ್ಲೂ ಮಲಗಿಸಿಯೇ ಇಡುತ್ತೀರಿ ಅಂದುಕೊಂಡಿದ್ದೇನೆ. ಹಾಗಿದ್ದರೆ ಅದು ಬಾಗಬೇಕಿಲ್ಲ, ವಾಲಬೇಕಿಲ್ಲ. ಸರಿಯುವ ಮೂರು, ಸೊಟ್ಟಗೆ ಬಂದ ಪೌಚನ್ನು ನೇರ ಮಾಡಲು ನಿಂತಲ್ಲೇ ತಿರುಗುವ ಒಂದು, ಒಟ್ಟು ನಾಲ್ಕು. ಕೆಲಸ ಕೇಳುವುದೇ ನಾಲ್ಕು.

ಹಾಗಾದರೆ ಕನ್ವೇಯರ್ ಪಕ್ಕ ಗೈಡ್ ಪಟ್ಟಿ ಹಾಕಿ ಪೌಚ್ ನೇರವಾಗಿಯೇ ಬರುವಂತೆ ಮಾಡಿದರೆ ಮೂರೇ ಸಾಕಲ್ವಾ? ಅದು ಜಾಯಿಂಟ್ ಯಾವ ಬಗೆಯದು ಅನ್ನುವುದರ ಮೇಲೆ ನಿಂತಿದೆ. ರೋಬೋ ಜಾಯಿಂಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಾಗಿಲ ಕೀಲಿನಂತೆ ತಿರುಗುತ್ತದೆ, ಇನ್ನೊಂದು ಮೇಜಿನ ಡ್ರಾಯರ್‌ನಂತೆ ಜಾರುತ್ತದೆ. ಹಳಿಗಳ ಮೇಲೆ ಓಡಾಡುವ ಗ್ಯಾಂಟ್ರಿ ರೋಬೋದಲ್ಲಿ ಮೂರೂ ಜಾರುವ ಜಾಯಿಂಟ್. ಅದು ಪೌಚನ್ನು ಎಲ್ಲಿಗೆ ಒಯ್ದರೂ ದಿಕ್ಕು ಬದಲಾಗುವುದಿಲ್ಲ, ಅಲ್ಲಿ ಮೂರೇ ಸಾಕು. ಸ್ಕಾರಾದಲ್ಲಿ ಎರಡು ಕೈಗಳು ಅಡ್ಡಡ್ಡ ತಿರುಗುತ್ತವೆ, ತುದಿಯ ಶಾಫ್ಟ್ ಮೇಲೆ ಕೆಳಗೆ ಜಾರುತ್ತದೆ. ಕೈ ತಿರುಗಿದಂತೆಲ್ಲ ತುದಿಯಲ್ಲಿರುವ ಪೌಚ್ ಕೂಡ ತಿರುಗಿಬಿಡುತ್ತದೆ. ಅದನ್ನು ವಾಪಸ್ ನೇರ ಮಾಡಲಾದರೂ ನಾಲ್ಕನೇ ಜಾಯಿಂಟ್ ಬೇಕೇ ಬೇಕು. ಅದಕ್ಕೇ ಆ ಶಾಫ್ಟ್ ಜಾರುವುದರ ಜೊತೆಗೆ ತಿರುಗುತ್ತದೆ ಕೂಡ.

6 ಆಕ್ಸಿಸ್ ಕೈಯಲ್ಲಿ ಆರೂ ತಿರುಗುವ ಜಾಯಿಂಟ್. ನಿಮ್ಮ ಪೌಚನ್ನು ಅದು ಎತ್ತಿಡಲ್ಲ ಅಂತಲ್ಲ, ಎತ್ತಿಡುತ್ತದೆ. ಆದರೆ ನೇರವಾಗಿ ಕೆಳಗಿಳಿಯುವಂಥ ಸರಳ ಚಲನೆಗೂ ಅದು ಹಲವು ಜಾಯಿಂಟ್‌ಗಳನ್ನು ಒಟ್ಟಿಗೆ ತಿರುಗಿಸಬೇಕು. ಸ್ಕಾರಾಗೆ ಒಂದೇ ಜಾಯಿಂಟ್ ಜಾರಿದರೆ ಆಯಿತು. ಇನ್ನೊಂದು ತೊಂದರೆ ಕಾರ್ಟನ್ ಒಳಗೆ ಕಾಣುತ್ತದೆ. ಸ್ಕಾರಾದಲ್ಲಿ ಕಾರ್ಟನ್ ಒಳಗೆ ಇಳಿಯುವುದು ಸಣ್ಣ ಶಾಫ್ಟ್ ಮತ್ತು ಗ್ರಿಪ್ಪರ್ ಮಾತ್ರ. 6 ಆಕ್ಸಿಸ್‌ನ ಮಣಿಕಟ್ಟು ದಪ್ಪ. ಗೋಡೆ ಪಕ್ಕದ ಪೌಚನ್ನು ತಳಕ್ಕೆ ಇಡುವಾಗ ಮಣಿಕಟ್ಟೋ ಮುಂಗೈಯೋ ಕಾರ್ಟನ್ ಅಂಚಿಗೆ ತಾಗಬಹುದು. ತಪ್ಪಿಸಲು ಗ್ರಿಪ್ಪರ್‌ಗೆ ಉದ್ದ ರಾಡ್ ಹಾಕಬೇಕಾಗುತ್ತದೆ. ರಾಡ್ ಉದ್ದವಾದಷ್ಟೂ ತುದಿ ಅಲುಗಾಡುತ್ತದೆ, ವೇಗ ಇಳಿಸಬೇಕಾಗುತ್ತದೆ.

ಈಗ ರೀಚ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಜನ ಎಡವುವುದು ಇಲ್ಲೇ.

600 ಮಿ.ಮೀ. ರೀಚ್ ಅಂದರೆ ಬೇಸ್ ಸುತ್ತ 600ರ ಒಳಗಿನ ಜಾಗವೆಲ್ಲ ಸಿಗುತ್ತದೆ ಅಂತ ಅಲ್ಲ. ಮೊದಲ ಕೈ 325, ಎರಡನೇ ಕೈ 275 ಅಂದುಕೊಳ್ಳಿ. ಪೂರ್ತಿ ಚಾಚಿದರೆ 600. ಆದರೆ ಮೊಣಕೈ ಪೂರ್ತಿ ಮಡಚಿಕೊಳ್ಳುವುದಿಲ್ಲ. 145 ಡಿಗ್ರಿವರೆಗೆ ಮಾತ್ರ ಬಗ್ಗುತ್ತದೆ ಅಂತಾದರೆ ತುದಿ ಬೇಸ್‌ಗೆ ಎಷ್ಟು ಹತ್ತಿರ ಬರಬಹುದು ನೋಡಿ:

```
r_min = sqrt(325² + 275² + 2·325·275·cos 145°) ≈ 187 mm
```

ಅಂದರೆ ಸಿಗುವ ಜಾಗ ಕೋಡುಬಳೆಯಂತೆ, ನಡುವೆ ಖಾಲಿ. ಹೊರಗಿನ ಅಂಚೂ ಪೂರ್ತಿ ನಮ್ಮದಲ್ಲ. ಕೈ ನೇರವಾಗಿ ಚಾಚಿಕೊಂಡಾಗ ಒಳಗೆ ಹೊರಗೆ ಒಂದಿಷ್ಟು ಸರಿಯಲು ಜಾಯಿಂಟ್‌ಗಳು ತುಂಬಾ ವೇಗವಾಗಿ ತಿರುಗಬೇಕಾಗುತ್ತದೆ. ಅದಕ್ಕೇ ನಾನು ರೀಚ್‌ನ ಶೇ. 85ರ ಒಳಗೇ ಕೆಲಸ ಇಟ್ಟುಕೊಳ್ಳುತ್ತೇನೆ. ಇಲ್ಲಿ ಅದು 510.

ನಿಮ್ಮ ಕೆಲಸವನ್ನು ಇದರೊಳಗೆ ಕೂರಿಸಿ ನೋಡೋಣ. ಪೌಚ್ 200 ಉದ್ದ, 150 ಅಗಲ, 40 ದಪ್ಪ ಇರಲಿ. ಕಾರ್ಟನ್ ಒಳಗೆ 400 ಉದ್ದ, 300 ಅಗಲ, 250 ಆಳ. ಒಂದು ಪದರಕ್ಕೆ ನಾಲ್ಕು, ಆರು ಪದರ, ಒಟ್ಟು 24 ಪೌಚ್. ಬೇಸ್‌ನ ಮುಂದೆ 400 ಮಿ.ಮೀ. ದೂರದಲ್ಲಿ ಕನ್ವೇಯರ್‌ನ ನಡುಗೆರೆ ಹಾದುಹೋಗಲಿ. ಬಲಗಡೆ, ಬೇಸ್‌ನ ನೇರಕ್ಕೆ, 380 ದೂರದಲ್ಲಿ ಕಾರ್ಟನ್‌ನ ಮಧ್ಯ ಬರಲಿ. ಕಾರ್ಟನ್‌ನ 400 ಉದ್ದದ ಬದಿ ರೋಬೋ ಕಡೆಗೆ ಇರುವಂತೆ ಇಟ್ಟರೆ, ಅತಿ ಹತ್ತಿರದ ಪೌಚ್‌ನ ನಡು 321ರಲ್ಲಿ, ಅತಿ ದೂರದ್ದು 466ರಲ್ಲಿ. ಕನ್ವೇಯರ್ ಮೇಲೆ ಪೌಚ್ 60 ಮಿ.ಮೀ. ಆಚೆ ಸರಿದು, ರೋಬೋ ಅದನ್ನು 100 ಮಿ.ಮೀ. ಬೆನ್ನಟ್ಟಿ ಎತ್ತಿದರೂ ದೂರ 471. ಎಲ್ಲವೂ 187ರಿಂದ 510ರ ಒಳಗೇ ಬಂತು. 900 ರೀಚ್‌ಗೆ ಇಲ್ಲಿ ಕೆಲಸವೇ ಇಲ್ಲ.

ಹಾಗಂತ ಆ ಸ್ಕಾರಾಗೆ ಈಗಲೇ ಅಡ್ವಾನ್ಸ್ ಕೊಡಬೇಡಿ. ನೀವು ಬರೆದ ಕಾಗದದಲ್ಲಿ ಒಂದು ಅಂಕಿ ಇಲ್ಲ: ಶಾಫ್ಟ್ ಮೇಲೆ ಕೆಳಗೆ ಎಷ್ಟು ಜಾರುತ್ತದೆ? ಇದಕ್ಕೆ ಝಡ್ ಸ್ಟ್ರೋಕ್ ಅಂತಾರೆ. ಮೊದಲ ಪದರದ ಪೌಚ್ ತಳ ಮುಟ್ಟಬೇಕು, ಅಂದರೆ 250 ಇಳಿಯಬೇಕು. ಅಡ್ಡ ಸಾಗುವಾಗ ಪೌಚ್‌ನ ಕೆಳಭಾಗ ಕಾರ್ಟನ್ ಅಂಚಿಗಿಂತ ಕನಿಷ್ಠ 30 ಮೇಲಿರಬೇಕು. ಒಟ್ಟು 280. ಅದೂ ಕಾರ್ಟನ್‌ನ ರೆಕ್ಕೆಗಳನ್ನು ಪೂರ್ತಿ ಹೊರಕ್ಕೆ ಮಡಚಿದರೆ ಮಾತ್ರ. ರೆಕ್ಕೆಗಳು ನಿಂತೇ ಇದ್ದರೆ ಅವುಗಳ ಎತ್ತರವನ್ನೂ ಸೇರಿಸಿ. ಈ ಅಳತೆಯ ಎಷ್ಟೋ ಸ್ಕಾರಾಗಳು 200 ಸ್ಟ್ರೋಕ್‌ನಲ್ಲಿ ಬರುತ್ತವೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ ತುಮಕೂರಿನ ಹತ್ತಿರದ ಒಂದು ಪ್ಯಾಕಿಂಗ್ ಯೂನಿಟ್‌ಗೆ ಲೇಔಟ್ ಮಾಡಿಕೊಟ್ಟೆ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು, ಪಕ್ಕದಿಂದ ನೋಡಿದ ನಕ್ಷೆ ಬರೆದಿರಲಿಲ್ಲ. ರೋಬೋ ಬಂದು ಬೋಲ್ಟ್ ಮಾಡಿದ ಮೇಲೆ ನೋಡಿದರೆ ಗ್ರಿಪ್ಪರ್ ತಳ ಮುಟ್ಟುತ್ತಿಲ್ಲ. ಪ್ಯಾಕೆಟ್‌ಗಳು ಮೇಲಿನಿಂದ ಬಿದ್ದು ಅಡ್ಡಾದಿಡ್ಡಿ ಆಗುತ್ತಿದ್ದವು. ರಾಡ್ ಉದ್ದ ಮಾಡಿದೆವು. ತಳ ಮುಟ್ಟಿತು, ಆದರೆ ಪೂರ್ತಿ ಮೇಲೆತ್ತಿದಾಗಲೂ ಪ್ಯಾಕೆಟ್ ಕಾರ್ಟನ್ ಅಂಚಿಗೆ ಬಡಿಯತೊಡಗಿತು. ರಾಡ್ ಉದ್ದ ಮಾಡಿದರೆ ಮೇಲಿನ ಮಿತಿಯೂ ಕೆಳಗಿನ ಮಿತಿಯೂ ಒಟ್ಟಿಗೆ ಕೆಳಗೆ ಸರಿಯುತ್ತವೆ, ನಡುವಿನ ಅಂತರ ಹೆಚ್ಚುವುದಿಲ್ಲ. ಕಾರ್ಟನ್ ಕೆಳಗೆ ಹಲಗೆ ಇಟ್ಟು ಎತ್ತರಿಸಿದರೂ ಅಷ್ಟೇ. ಕೊನೆಗೆ ಗ್ರಿಪ್ಪರ್ ಮೇಲೆ 100 ಸ್ಟ್ರೋಕ್‌ನ ಏರ್ ಸಿಲಿಂಡರ್ ಕೂರಿಸಿದೆವು. ಕೆಲಸ ನಡೆಯಿತು, ಆದರೆ ತುದಿಯಲ್ಲಿ ತೂಕ ಹೆಚ್ಚಾಗಿ ವೇಗ ಇಳಿಸಬೇಕಾಯಿತು.

ಆ ಸಿಲಿಂಡರ್ ನಿಮ್ಮ ಪ್ರಶ್ನೆಗೂ ಉತ್ತರ ಹೇಳುತ್ತದೆ. ಅದನ್ನು ಕೂರಿಸಿದ ಮೇಲೆ ಆ ರೋಬೋಗೆ ಐದು ಜಾಯಿಂಟ್ ಆಯಿತು. ಆದರೆ ಪ್ಯಾಕೆಟ್ ಕದಲುವ ಬಗೆ ನಾಲ್ಕೇ ಉಳಿಯಿತು, ಯಾಕೆಂದರೆ ಹೊಸ ಜಾಯಿಂಟ್ ಹಳೆಯದು ಹೋಗುವ ದಿಕ್ಕಿನಲ್ಲೇ ಹೋಗುತ್ತಿತ್ತು. ಹೆಚ್ಚಿದ್ದು ತಲುಪುವ ಜಾಗ ಮಾತ್ರ. ನಮಗೆ ಕಮ್ಮಿ ಇದ್ದದ್ದು ಆಕ್ಸಿಸ್ ಅಲ್ಲ, ಸ್ಟ್ರೋಕ್.

ಕಾರ್ಟನ್ ಬದಲಿಸುವಾಗ ಲೈನ್ ನಿಲ್ಲಬಾರದು ಅಂತ ಎಡಗಡೆಯೂ ಒಂದು ಕಾರ್ಟನ್ ಇಡುವ ಯೋಚನೆ ಬರಬಹುದು. ಇಡಬಹುದು, ಆದರೆ ಒಂದು ಮಾತು ಗಮನದಲ್ಲಿರಲಿ. ಸ್ಕಾರಾದ ಮೊಣಕೈ ಎಡಕ್ಕೂ ಬಗ್ಗುತ್ತದೆ, ಬಲಕ್ಕೂ ಬಗ್ಗುತ್ತದೆ. ಬಲಗಡೆ ಕಾರ್ಟನ್‌ನ ಹತ್ತಿರದ ಹಿಂದಿನ ಪೌಚ್ ಇಡಲು ಮೊದಲ ಜಾಯಿಂಟ್ ನೇರ ಮುಂದಿನ ದಿಕ್ಕಿನಿಂದ ಸುಮಾರು 58 ಡಿಗ್ರಿ ತಿರುಗಿದರೆ ಸಾಕು. ಮೊಣಕೈ ಅದೇ ಕಡೆಗೆ ಬಗ್ಗಿಸಿಕೊಂಡು ಎಡಗಡೆಯ ಅಂಥದೇ ಪೌಚ್‌ಗೆ ಹೋದರೆ ಸುಮಾರು 159 ಡಿಗ್ರಿ ತಿರುಗಬೇಕು. ಮೊದಲ ಜಾಯಿಂಟ್‌ನ ಮಿತಿ 130ರ ಆಸುಪಾಸಿನಲ್ಲಿದ್ದರೆ ಅಲ್ಲಿಗೆ ಹೋಗಲಾಗುವುದಿಲ್ಲ. ಜಾಗ ರೀಚ್ ಒಳಗೇ ಇರುತ್ತದೆ, ಆದರೂ ಕಂಟ್ರೋಲರ್ ಎರರ್ ತೋರಿಸುತ್ತದೆ. ಆಗ ಮೊಣಕೈಯನ್ನು ಇನ್ನೊಂದು ಕಡೆ ಬಗ್ಗಿಸಬೇಕು. ಹಾಗೆ ಬದಲಾಗುವಾಗ ಕೈ ಒಮ್ಮೆ ಪೂರ್ತಿ ನೇರವಾಗುತ್ತದೆ, 600ರವರೆಗೂ ಚಾಚಿಕೊಳ್ಳುತ್ತದೆ. 24 ಪೌಚ್‌ಗೆ ಒಮ್ಮೆ ಮಾಡಿದರೆ ಸಾಕು, ಸಮಯದ ನಷ್ಟ ಕಮ್ಮಿ. ಆದರೆ ಆ ದಾರಿಯಲ್ಲಿ ಕಂಬ, ಕ್ಯಾಮೆರಾ ಸ್ಟ್ಯಾಂಡ್ ಯಾವುದೂ ಇರಬಾರದು.

ವೇಗದ ಬಗ್ಗೆ ಒಂದೇ ಮಾತು. ನಿಮಗೆ ಒಂದು ಪೌಚ್‌ಗೆ ಸಿಗುವ ಸಮಯ 2.4 ಸೆಕೆಂಡ್. ಸ್ಕಾರಾ ಕ್ಯಾಟಲಾಗ್‌ನ ಸೈಕಲ್ ಟೈಮ್ ಸಾಮಾನ್ಯವಾಗಿ 25 ಮೇಲೆ, 300 ಅಡ್ಡ, 25 ಕೆಳಗೆ ಹೋಗಿ ಬರುವ ಲೆಕ್ಕ. ನಿಮ್ಮದು 280 ಏರಿಳಿಯಬೇಕು. ಆ ಅಂಕಿಯನ್ನು ನಂಬದೆ ನಿಮ್ಮದೇ ಅಳತೆಯಲ್ಲಿ, ಗ್ರಿಪ್ಪರ್ ತೂಕವನ್ನೂ ಸೇರಿಸಿ, ಓಡಿಸಿ ತೋರಿಸಲು ಹೇಳಿ.

6 ಆಕ್ಸಿಸ್ ಬೇಕಾಗುವ ಸಂದರ್ಭ ಒಂದಿದೆ. ಪೌಚನ್ನು ಕಾರ್ಟನ್‌ನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ ಜೋಡಿಸುವುದಾದರೆ ಅದು ಬಾಗಲೇಬೇಕು, ಬರೀ ಸ್ಕಾರಾದಿಂದ ಆಗುವುದಿಲ್ಲ. ಆಗಲೂ ಕನ್ವೇಯರ್ ಕೊನೆಗೆ ಒಂದು ಇಳಿಜಾರು ತಗಡು ಹಾಕಿ ಪೌಚ್ ತಾನೇ ಎದ್ದು ನಿಲ್ಲುವಂತೆ ಮಾಡಬಹುದಾ ಅಂತ ಮೊದಲು ನೋಡಿ. ಮಾಡಬಹುದಾದರೆ ಮತ್ತೆ ನಾಲ್ಕೇ ಸಾಕು, ಗ್ರಿಪ್ಪರ್ ಮಾತ್ರ ಬದಲಾಗುತ್ತದೆ.

ಮಲಗಿಸಿಯೇ ಇಡುವುದಾದರೆ ಸ್ಕಾರಾದವರನ್ನೇ ಕರೆದು, ಇದೇ 600 ರೀಚ್‌ನಲ್ಲಿ 300 ಅಥವಾ 400 ಸ್ಟ್ರೋಕ್‌ನ ಮಾಡೆಲ್‌ಗೆ ಕೊಟೇಶನ್ ಕೇಳಿ. 300 ಅಂದರೆ ಕೈಯಲ್ಲಿ ಉಳಿಯುವುದು 20 ಮಾತ್ರ. ಮುಂದೆ ಕಾರ್ಟನ್ ಒಂದಿಷ್ಟು ಆಳವಾದರೂ ಸಾಲದು, ಹಾಗಾಗಿ 400 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅವರು ಬರುವ ಮುಂಚೆ ಶೆಡ್ ನೆಲದ ಮೇಲೆ ಒಂದು ಮೊಳೆ, ಒಂದು ದಾರ, ಒಂದು ಸೀಮೆಸುಣ್ಣ ಹಿಡಿದು 187, 510, 600 ಮಿ.ಮೀ.ನ ಮೂರು ವೃತ್ತ ಎಳೆಯಿರಿ. ಖಾಲಿ ಕಾರ್ಟನ್ ತಂದಿಟ್ಟು, ಪೌಚ್ ಜೋಡಿಸಿ ನೋಡಿ. ಆಮೇಲೆ ಗೋಡೆಯ ಮೇಲೆ ಪಕ್ಕದ ನೋಟವನ್ನೂ ಅದೇ ಅಳತೆಯಲ್ಲಿ ಬರೆಯಿರಿ, ಕಾರ್ಟನ್ ರೆಕ್ಕೆ ಸಮೇತ.