ಕ್ರೂಸ್ ಹಡಗಿನ ಆಫರ್ ಓದುವುದು ಹೇಗೆ: ಟಿಪ್ಸ್, ತಿಂಗಳುಗಳು, ಏಜೆನ್ಸಿ

ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಮೇಲೆ ನಮ್ಮಲ್ಲಿ ಹಲವರಿಗೆ ಹಡಗಿನ ಕೆಲಸದ ಆಫರ್ ಬರುತ್ತದೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಾಲರ್ ಲೆಕ್ಕ. ಆ ಅಂಕಿ ಹೇಗೆ ಬಂತು ಅನ್ನುವುದನ್ನು ಬಿಡಿಸಿ ನೋಡೋಣ.

ಒಂದು ಕಾಲ್ಪನಿಕ ಆಫರ್ ತೆಗೆದುಕೊಳ್ಳಿ. ಹುದ್ದೆ ಅಸಿಸ್ಟೆಂಟ್ ವೇಟರ್. ಏಜೆಂಟ್ ಹೇಳಿದ್ದು "ತಿಂಗಳಿಗೆ 1,500 ಡಾಲರ್ ತನಕ ಬರುತ್ತೆ" ಅಂತ. ಕರಾರು ಪತ್ರದಲ್ಲಿ ಇರುವುದು ಬೇರೆ: ಮೂಲ ಸಂಬಳ 300 ಡಾಲರ್, ಟಿಪ್ಸ್ ಸೇರಿ ಗ್ಯಾರಂಟಿ ಮೊತ್ತ 1,050 ಡಾಲರ್. "ಟಿಪ್ಸ್ ಸೇರಿ" ಅನ್ನುವ ಆ ಎರಡು ಪದಗಳ ಮೇಲೆ ಬೆರಳಿಡಿ.

ಇದರ ಅರ್ಥ ಹೀಗೆ. ಒಂದು ತಿಂಗಳು ನಿಮ್ಮ ಪಾಲಿಗೆ 600 ಡಾಲರ್ ಟಿಪ್ಸ್ ಬಂತು ಅನ್ನಿ. ಮೂಲ ಸಂಬಳ ಸೇರಿ 900 ಆಯಿತು. ಕಂಪನಿ 150 ಸೇರಿಸಿ 1,050 ಕೊಡುತ್ತದೆ. ಮುಂದಿನ ತಿಂಗಳು ಟಿಪ್ಸ್ 750ಕ್ಕೆ ಏರಿದರೂ ಕೈಗೆ ಬರುವುದು ಅದೇ 1,050. ಅಂದರೆ ಮೊದಲ 750 ಡಾಲರ್ ಟಿಪ್ಸ್ ಗ್ಯಾರಂಟಿಯನ್ನು ತುಂಬಿಸುವುದಕ್ಕೇ ಹೋಗುತ್ತದೆ. ಅದನ್ನು ದಾಟಿದ ಮೇಲೆ ಬಂದದ್ದಷ್ಟೇ ಹೆಚ್ಚಿನ ಆದಾಯ. ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲ. ಕೆಲವು ಕಡೆ ಸಂಬಳ ಬೇರೆ, ಟಿಪ್ಸ್ ಬೇರೆ. ಅದಕ್ಕೇ ಸಂದರ್ಶನದಲ್ಲಿ ನೇರವಾಗಿ ಕೇಳಿ: ಟಿಪ್ಸ್ ಗ್ಯಾರಂಟಿಯ ಒಳಗಾ, ಹೊರಗಾ?

ಟಿಪ್ಸ್ ಏಕೆ ಏರಿಳಿಯುತ್ತದೆ ಅನ್ನುವುದೂ ಗೊತ್ತಿರಬೇಕು. ಅಮೆರಿಕದ ಪ್ರಯಾಣಿಕರು ಹೆಚ್ಚಿರುವ ಹಡಗುಗಳಲ್ಲಿ ದಿನಕ್ಕೆ ಇಷ್ಟು ಅಂತ ಟಿಪ್ಸ್ ಅತಿಥಿಯ ಬಿಲ್ಲಿಗೆ ತಾನಾಗಿ ಸೇರುತ್ತದೆ. ಆ ಹಣ ಊಟದ ಹಾಲ್ ಮತ್ತು ಕ್ಯಾಬಿನ್ ವಿಭಾಗದವರಿಗೆ ಹಂಚಿಕೆಯಾಗುತ್ತದೆ. ಆದರೆ ಹಲವು ಹಡಗುಗಳಲ್ಲಿ ಅತಿಥಿ ಕೌಂಟರ್‌ಗೆ ಹೋಗಿ ಅದನ್ನು ಕಡಿಮೆ ಮಾಡಿಸಬಹುದು, ತೆಗೆಸಲೂಬಹುದು. ಸೀಸನ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಡುಗೆಮನೆಯ ಕಮಿ, ಅಂದರೆ ಕಿರಿಯ ಅಡುಗೆಯವರ ಹುದ್ದೆಗೆ ಸಾಮಾನ್ಯವಾಗಿ ನಿಗದಿತ ಸಂಬಳ ಮಾತ್ರ. ಅಲ್ಲಿ ಆಫರ್ ಚಿಕ್ಕದಾಗಿ ಕಂಡರೂ ಏರಿಳಿತ ಇರುವುದಿಲ್ಲ.

ಈಗ ತಿಂಗಳುಗಳ ಲೆಕ್ಕ. ಕರಾರು 8 ತಿಂಗಳು, ಆಮೇಲೆ 2 ತಿಂಗಳು ಸಂಬಳವಿಲ್ಲದ ರಜೆ ಅಂದುಕೊಳ್ಳಿ. 1,050 ಅನ್ನು 8ರಿಂದ ಗುಣಿಸಿದರೆ 8,400. ಅದನ್ನು 10 ತಿಂಗಳಿಗೆ ಹಂಚಿದರೆ ತಿಂಗಳಿಗೆ 840 ಡಾಲರ್. ಊರಿನ ಹೋಟೆಲ್ ಸಂಬಳದ ಜೊತೆ ಹೋಲಿಸಬೇಕಾದದ್ದು ಈ 840 ಅನ್ನು, ಏಜೆಂಟ್ ಹೇಳಿದ 1,500 ಅನ್ನಲ್ಲ. ಊಟ, ವಾಸ ಹಡಗಿನಲ್ಲೇ ಸಿಗುವುದರಿಂದ ಉಳಿತಾಯ ಜಾಸ್ತಿ, ಅದು ನಿಜ. ಹಾಗೇ ವಾರದ ರಜೆ ಇಲ್ಲ ಅನ್ನುವುದೂ ನಿಜ. ದಿನಕ್ಕೆ 10 ಗಂಟೆಯಂತೆ 30 ದಿನ ದುಡಿದರೆ ಗಂಟೆಗೆ 3.5 ಡಾಲರ್ ಬೀಳುತ್ತದೆ.

ಕರಾರಿನ ಅವಧಿಯ ಪಕ್ಕ "ಒಂದು ತಿಂಗಳು ಹೆಚ್ಚು ಅಥವಾ ಕಡಿಮೆ" ಅಂತ ಇದೆಯಾ ನೋಡಿ. ಇದ್ದರೆ ಮನೆಯ ಮದುವೆಗೆ, ಹಡಗಿನಿಂದ ಇಳಿಯುವ ಸೈನ್ ಆಫ್ ದಿನ ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ಕರಾರು ಮುಗಿಸಿದವರನ್ನು ಮನೆಗೆ ಕಳಿಸುವ ಖರ್ಚು ಕಂಪನಿಯದು. ಮಧ್ಯದಲ್ಲಿ ನೀವಾಗಿಯೇ ಬಿಟ್ಟು ಬಂದರೆ ಸಾಮಾನ್ಯವಾಗಿ ನಿಮ್ಮದೇ.

ಇನ್ನು ಏಜೆನ್ಸಿ. ಇಲ್ಲೇ ಹೆಚ್ಚು ಜನ ಹಣ ಕಳೆದುಕೊಳ್ಳುವುದು. ಕಡಲ ಕಾರ್ಮಿಕರಿಗಾಗಿ 2006ರ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿ ಇದೆ, ಭಾರತ ಅದನ್ನು 2015ರಲ್ಲಿ ಒಪ್ಪಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್, ಕಾನೂನು ಕೇಳುವ ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಪುಸ್ತಕವಾದ ಸಿಡಿಸಿ, ಇಂಥವುಗಳ ಖರ್ಚು ನಿಮ್ಮ ಮೇಲೆ ಬರಬಹುದು. ವೀಸಾ ಖರ್ಚು ಹಡಗಿನ ಮಾಲೀಕರದು. ಹಾಗಾಗಿ "ಪ್ಲೇಸ್‌ಮೆಂಟ್ ಚಾರ್ಜ್" ಅಂತ ಲಕ್ಷ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಭಾರತದಿಂದ ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿ ಬೇಕು. ಸಂಖ್ಯೆ ಕೇಳಿ, ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ಹುಡುಕಿ, ಹೆಸರು, ವಿಳಾಸ, ಅವಧಿ ಮೂರನ್ನೂ ಹೊಂದಿಸಿ ನೋಡಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೂತವರು "ಮುಂಬೈ ಕಂಪನಿಯ ಜೊತೆ ಟೈ-ಅಪ್ ಇದೆ" ಅಂದರೆ ಆ ಮುಂಬೈ ಕಚೇರಿಗೆ ನೀವೇ ಫೋನ್ ಮಾಡಿ. ನಂಬರ್ ಮಾತ್ರ ಇವರು ಕೊಟ್ಟದ್ದಲ್ಲ, ಸರ್ಕಾರಿ ಪಟ್ಟಿಯಲ್ಲಿರುವುದು. ಜೊತೆಗೆ ಕ್ರೂಸ್ ಕಂಪನಿಯ ಉದ್ಯೋಗ ಪುಟದಲ್ಲಿ ಭಾರತದ ನೇಮಕಾತಿ ಪಾಲುದಾರರ ಹೆಸರು ಕೊಟ್ಟಿದ್ದರೆ ಅದನ್ನೂ ಹೋಲಿಸಿ.

ಗಲ್ಫ್ ಹೋಟೆಲ್ ಕೆಲಸಕ್ಕೆ ಈ ಪರವಾನಗಿ ಅನ್ವಯಿಸದು. ಅಲ್ಲಿ ನೋಡಬೇಕಾದದ್ದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪಟ್ಟಿ. ಅಲ್ಲಿ ನೋಂದಾಯಿತ ಏಜೆಂಟ್ ಶುಲ್ಕ ಪಡೆಯಬಹುದು, ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್‌ಗೆ ವಲಸೆ ಅನುಮತಿ ಬೇಡ. ನಾವೆಲ್ಲ ಆ ಗುಂಪಿನವರು. ಅಂದರೆ ಹೊರಡುವ ಮುಂಚೆ ಸರ್ಕಾರದ ಕಡೆಯಿಂದ ಯಾರೂ ನಮ್ಮ ಕರಾರನ್ನು ಪರೀಕ್ಷಿಸುವುದಿಲ್ಲ. ಪಟ್ಟಿ ನೋಡಿ, ರಸೀದಿ ಪಡೆದು, ಹಣವನ್ನು ಏಜೆನ್ಸಿಯ ಖಾತೆಗೇ ಹಾಕುವುದು ನಮ್ಮದೇ ಜವಾಬ್ದಾರಿ. ಯಾರದೋ ವೈಯಕ್ತಿಕ ಯುಪಿಐಗೆ ಕಳಿಸಿ ಅಂದರೆ ಕಳಿಸಬೇಡಿ.