ಬಾಸುಂದಿಗೆ ಹಾಲು ಬತ್ತಿಸುವಾಗ ‘ಅರ್ಧ’ ಎಂದರೆ ಎಷ್ಟು?

ಬಾಸುಂದಿ ಮಾಡುವ ವಿಧಾನ ಯಾರನ್ನು ಕೇಳಿದರೂ ‘ಹಾಲು ಅರ್ಧಕ್ಕೆ ಬತ್ತಲಿ’ ಎನ್ನುತ್ತಾರೆ. ನಾನೂ ಮೊದಲ ಸಲ ಎರಡು ಲೀಟರ್ ಹಾಲನ್ನು ಬಾಣಲೆಗೆ ಸುರಿದು, ಅದರ ಮಟ್ಟ ಅರ್ಧಕ್ಕೆ ಇಳಿಯುವವರೆಗೆ ಕಾದೆ. ಬೆಳಿಗ್ಗೆ ಫ್ರಿಜ್‌ನಿಂದ ತೆಗೆದಾಗ ಅದು ಬಾಸುಂದಿಯಾಗಿರಲಿಲ್ಲ. ಚಮಚ ನೆಟ್ಟಗೆ ನಿಲ್ಲುವಂತಹ, ಖೋವಾಕ್ಕೆ ಹತ್ತಿರದ ಮುದ್ದೆಯಾಗಿತ್ತು.

ತಪ್ಪು ಹಾಲಿನದಲ್ಲ, ಬಾಣಲೆಯ ಆಕಾರದ್ದು. ಬಾಣಲೆ ಮೇಲೆ ಅಗಲ, ಕೆಳಗೆ ಕಿರಿದು. ಅರ್ಧ ಚೆಂಡಿನ ಆಕಾರದ ಪಾತ್ರೆಯನ್ನು ಅಂಚಿನವರೆಗೆ ತುಂಬಿಸಿ, ಮಟ್ಟ ಅರ್ಧ ಎತ್ತರಕ್ಕೆ ಇಳಿಯಿತೆಂದುಕೊಳ್ಳಿ. ಆಗ ಉಳಿದಿರುವುದು ಸುಮಾರು 31 ಪಾಲು ಮಾತ್ರ, 69 ಪಾಲು ಹೋಗಿರುತ್ತದೆ. ಅಂತಹ ಪಾತ್ರೆಯಲ್ಲಿ ನಿಜವಾದ ಅರ್ಧ ಅಳತೆ ಇರುವುದು ಎತ್ತರದ ಮೂರನೇ ಎರಡರ ಹತ್ತಿರ. ನೇರ ಗೋಡೆಯ ಪಾತ್ರೆಯಲ್ಲಿ ಮಾತ್ರ ಕಣ್ಣಿನ ಅರ್ಧವೂ ಅಳತೆಯ ಅರ್ಧವೂ ಒಂದೇ.

ಇದಕ್ಕೆ ಸುಲಭ ಉಪಾಯವಿದೆ. ಹಾಲು ಹಾಕುವ ಮೊದಲೇ ಬಾಣಲೆಗೆ ಒಂದು ಲೀಟರ್ ನೀರು ಸುರಿದು, ಮರದ ಸೌಟಿನ ಹಿಡಿಯನ್ನು ತಳಕ್ಕೆ ತಾಗುವಂತೆ ನೆಟ್ಟಗೆ ಇಳಿಸಿ, ಒದ್ದೆಯಾದಲ್ಲಿ ಗುರುತು ಮಾಡಿಕೊಳ್ಳಿ. ಎರಡು ಲೀಟರ್ ಹಾಲು ಆ ಗುರುತಿಗೆ ಇಳಿದರೆ ಅರ್ಧವಾಯಿತು. ನೋಡುವಾಗ ಉರಿ ತಗ್ಗಿಸಿ ನೊರೆ ಇಳಿಯಲು ಬಿಡಬೇಕು. ಕುದಿಯುವ ಹಾಲು ತಣ್ಣಗಿನದಕ್ಕಿಂತ ನೂರಕ್ಕೆ ನಾಲ್ಕು ಪಾಲಿನಷ್ಟು ಹಿಗ್ಗಿರುತ್ತದೆ ಎಂಬುದೂ ನೆನಪಿರಲಿ. ಬಿಸಿಯಲ್ಲಿ ಒಂದು ಲೀಟರ್ ಕಂಡದ್ದು ತಣಿದಾಗ 960 ಮಿಲಿಲೀಟರ್.

ನನಗೆ ಇದಕ್ಕಿಂತ ತಕ್ಕಡಿಯ ಮೇಲೆ ಹೆಚ್ಚು ನಂಬಿಕೆ. ತೂಕಕ್ಕೆ ಆಕಾರದ ಹಂಗೂ ಇಲ್ಲ, ಹಿಗ್ಗುವಿಕೆಯ ಹಂಗೂ ಇಲ್ಲ. ಒಂದು ಲೀಟರ್ ಹಾಲು ಸುಮಾರು 1,030 ಗ್ರಾಂ ತೂಗುತ್ತದೆ, ಎರಡು ಲೀಟರ್ 2,060 ಗ್ರಾಂ. ಆವಿಯಾಗುವುದು ಬಹುಮಟ್ಟಿಗೆ ನೀರೇ. ಆದ್ದರಿಂದ ಒಂದು ಲೀಟರ್, ಅಂದರೆ ಒಂದು ಕಿಲೋ ನೀರು ಹೋದಾಗ ಉಳಿಯಬೇಕಾದದ್ದು 1,060 ಗ್ರಾಂ. ಖಾಲಿ ಬಾಣಲೆ 900 ಗ್ರಾಂ ಇದ್ದರೆ ತಕ್ಕಡಿ 1,960 ತೋರಿಸಿದಾಗ ಒಲೆ ಆರಿಸಬಹುದು. ಬಿಸಿ ಪಾತ್ರೆಯನ್ನು ನೇರವಾಗಿ ತಕ್ಕಡಿಯ ಮೇಲಿಡಬೇಡಿ. ಮಣೆಯೊಂದನ್ನು ಇಟ್ಟು, ಅಂಕಿಯನ್ನು ಸೊನ್ನೆ ಮಾಡಿಕೊಂಡು, ಅದರ ಮೇಲೆ ಇಡಿ.

ಇಷ್ಟಕ್ಕೂ ಎಲ್ಲ ಹಾಲಿಗೂ ಅರ್ಧವೇ ಸರಿಯೇ? ಅಲ್ಲ. ಪ್ಯಾಕೆಟ್ ಮೇಲೆ ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶ ಎಂದು ಎರಡು ಅಂಕಿಗಳಿರುತ್ತವೆ. ಕೆನೆಭರಿತ ಹಾಲಿನಲ್ಲಿ 6 ಮತ್ತು 9, ಒಟ್ಟು 15 ಪ್ರತಿಶತ. ಎರಡು ಲೀಟರಿನಲ್ಲಿ ಅದು 309 ಗ್ರಾಂ. ಎಷ್ಟು ಕುದಿಸಿದರೂ ಈ 309 ಗ್ರಾಂ ಕರಗಿಹೋಗುವುದಿಲ್ಲ. ಅದು 1,060 ಗ್ರಾಂನಲ್ಲಿ ಉಳಿದಾಗ ಘನಾಂಶ 29 ಪ್ರತಿಶತವಾಗುತ್ತದೆ. ಟೋನ್ಡ್ ಹಾಲಿನಲ್ಲಿ 3 ಮತ್ತು 8.5, ಅಂದರೆ ಎರಡು ಲೀಟರಿಗೆ ಸುಮಾರು 237 ಗ್ರಾಂ. ಅದನ್ನೂ 29 ಪ್ರತಿಶತಕ್ಕೆ ತರಬೇಕಾದರೆ 237ನ್ನು 0.29ರಿಂದ ಭಾಗಿಸಿ: ಉಳಿಯಬೇಕಾದದ್ದು 817 ಗ್ರಾಂ, ಅಳತೆಯಲ್ಲಿ ಮುಕ್ಕಾಲು ಲೀಟರ್. ಟೋನ್ಡ್ ಹಾಲನ್ನು ಅರ್ಧಕ್ಕೇ ನಿಲ್ಲಿಸಿ ‘ಬಾಸುಂದಿ ನೀರಾಯಿತು’ ಎಂದು ಗೊಣಗುವವರ ಲೆಕ್ಕ ತಪ್ಪುವುದು ಇಲ್ಲಿಯೇ. ಘನಾಂಶ ಸಮನಾದರೂ ಕೊಬ್ಬು ಕಡಿಮೆ ಇರುವುದರಿಂದ ಕೆನೆಭರಿತ ಹಾಲಿನ ರುಚಿ ಬರುವುದಿಲ್ಲ, ಅದು ಬೇರೆ ಮಾತು.

ಸಕ್ಕರೆಯನ್ನು ಕೊನೆಗೆ ಹಾಕುವುದಕ್ಕೂ ಈ ಲೆಕ್ಕಕ್ಕೂ ನಂಟಿದೆ. 120 ಗ್ರಾಂ ಸಕ್ಕರೆ ಕರಗಿದಾಗ ಅಳತೆ ಸುಮಾರು 75 ಮಿಲಿಲೀಟರ್ ಏರುತ್ತದೆ. ಮೊದಲೇ ಹಾಕಿದರೆ ಗುರುತು ತಲುಪುವ ಹೊತ್ತಿಗೆ ಹಾಲು ಅಗತ್ಯಕ್ಕಿಂತ ಹೆಚ್ಚು ಬತ್ತಿರುತ್ತದೆ, ತಳ ಹಿಡಿಯುವ ಭಯವೂ ಹೆಚ್ಚು. ಕೊನೆಯಲ್ಲಿ ಹಾಕಿದಾಗ ಬಾಸುಂದಿ ಒಮ್ಮೆಲೇ ತೆಳ್ಳಗಾದಂತೆ ಕಾಣುತ್ತದೆ. ಹೆದರಿ ಮತ್ತೆ ಬತ್ತಿಸಬೇಡಿ. ಒಂದು ಚಮಚ ತೆಗೆದು ಸ್ಟೀಲ್ ತಟ್ಟೆಯ ಮೇಲೆ ಹರಡಿ ತಣಿಯಲು ಬಿಡಿ. ತಟ್ಟೆಯನ್ನು ಓರೆ ಮಾಡಿದಾಗ ನೀರಿನಂತೆ ಓಡದೆ ನಿಧಾನವಾಗಿ ಜಾರಿದರೆ ಸಾಕು. ಫ್ರಿಜ್‌ನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ.

ಸಮಯ ಉಳಿಸಬೇಕಾದರೆ ಅಗಲ ಬಾಯಿಯ ಪಾತ್ರೆ ಬೇಕು, ಮುಚ್ಚಳ ಬೇಡ. ಮೇಲೆ ಕಟ್ಟುವ ಕೆನೆಯೂ ಒಂದು ಬಗೆಯ ಮುಚ್ಚಳವೇ, ಅದನ್ನು ಆಗಾಗ ಸರಿಸಿ ಹಾಲಿಗೇ ಸೇರಿಸುತ್ತಿರಬೇಕು. ಗೋಡೆಗೆ ಅಂಟಿದ ಕೆನೆಯನ್ನೂ ಕೆರೆದು ಹಾಕಿ. ಬಾಸುಂದಿಗೆ ಎಳೆ ಎಳೆಯಾದ ರೂಪ ಬರುವುದು ಅದರಿಂದಲೇ.

ಅಕ್ಕಿ ಖೀರಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ನೀರಿನ ಒಂದು ಪಾಲನ್ನು ಅಕ್ಕಿಯೇ ಕುಡಿಯುತ್ತದೆ, ಬಡಿಸುವವರೆಗೂ ಕುಡಿಯುತ್ತಲೇ ಇರುತ್ತದೆ. ಹಾಗಾಗಿ ಅರ್ಧಕ್ಕಿಂತ ಬಹಳ ಮೊದಲೇ ನಿಲ್ಲಿಸಬೇಕು. ಕುಲ್ಫಿಯದು ಇದಕ್ಕೆ ವಿರುದ್ಧ: ಉಳಿದ ನೀರೆಲ್ಲ ಮಂಜಿನ ಹರಳಾಗಿ ಹಲ್ಲಿಗೆ ಸಿಗುತ್ತದೆ. ಅದಕ್ಕೆ ನಾನು ಕೆನೆಭರಿತ ಹಾಲನ್ನೂ ಅರ್ಧಕ್ಕಿಂತ ಕೆಳಗೆ, ಎರಡು ಲೀಟರಿಗೆ 850 ಗ್ರಾಂವರೆಗೆ ಇಳಿಸುತ್ತೇನೆ.